ಗಡ್ಡದ ಹಿಂದಿನ ಗದ್ದ

ಫೋಟೋದಲ್ಲಿ ಗಡ್ಡ ತೆಗೆಯೋದು ಅಂದ್ರೆ ಕೂದಲು ಅಳಿಸೋದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಳಿಸಿದ ಮೇಲೆ ಅಲ್ಲಿ ಏನು ಬರಬೇಕು ಅನ್ನೋದೇ ನಿಜವಾದ ಪ್ರಶ್ನೆ. ದಟ್ಟ ಗಡ್ಡದ ಕೆಳಗಿನ ಚರ್ಮ, ದವಡೆಯ ಗೆರೆ, ಗದ್ದದ ಆಕಾರ ಇವು ಯಾವುದನ್ನೂ ಕ್ಯಾಮೆರಾ ನೋಡೇ ಇರೋದಿಲ್ಲ. ನೋಡಿರದಿದ್ದನ್ನ ಯಾವ ಬ್ರಶ್ಶೂ ಹೊರಗೆ ತೆಗೆಯೋಕಾಗಲ್ಲ. ಬೇರೆ ಕಡೆಯಿಂದ ತಂದು ಕೂರಿಸಬೇಕು.

ಇದನ್ನ ಈ ಸಲ ಬರೀತಿರೋದಕ್ಕೆ ಕಾರಣ ನನ್ನ ಸಹೋದ್ಯೋಗಿಯ ತಂದೆಯವರ ಫೋಟೋ. ಅವರು ತೀರಿಕೊಂಡು ಒಂಬತ್ತು ದಿನ ಆಗಿತ್ತು, ವೈಕುಂಠ ಸಮಾರಾಧನೆಗೆ ನಾಲ್ಕು ದಿನ ಬಾಕಿ. ಚೆನ್ನಾಗಿರೋ ಒಂದೇ ಒಂದು ದೊಡ್ಡ ಫೋಟೋ ಇತ್ತು. ಅದು ಅಯ್ಯಪ್ಪನ ಮಾಲೆ ಹಾಕಿದ್ದಾಗ, 41 ದಿನದ ವ್ರತ ಮುಗಿಯೋ ಹೊತ್ತಿಗೆ ತೆಗೆದದ್ದು. ಕಪ್ಪು ಬಟ್ಟೆ, ಮುಖದ ತುಂಬಾ ಗಡ್ಡ. ಜೀವನವಿಡೀ ಬರೀ ಮೀಸೆಯಲ್ಲಿದ್ದ ಮನುಷ್ಯ ಅವರು. ಮನೆಯಲ್ಲಿ ಫ್ರೇಮ್ ಹಾಕಿ ದಿನಾ ನೋಡಬೇಕಾದವರು ಅಮ್ಮ. ಅವರಿಗೆ ಬೇಕಾಗಿದ್ದು ಮೀಸೆಯ ಮುಖ.

ಹೀಗಾಗಿ ಮೊದಲು ಕೇಳಿದ್ದು ಇನ್ನೊಂದು ಫೋಟೋ. ಮಗಳ ಮದುವೆಯಲ್ಲಿ ತೆಗೆದದ್ದು ಸಿಕ್ಕಿತು. ಆರು ವರ್ಷ ಹಳೇದು, ಗಾತ್ರ ಚಿಕ್ಕದು, ಫ್ಲ್ಯಾಶ್ ಹೊಡೆದು ಮುಖ ಚಪ್ಪಟೆಯಾಗಿದೆ. ಆದ್ರೆ ತಲೆ ಹೆಚ್ಚುಕಡಿಮೆ ಅದೇ ಕೋನದಲ್ಲಿ ನೇರವಾಗಿತ್ತು. ಅಷ್ಟು ಸಾಕು. ತಲೆ ಒಂದರಲ್ಲಿ ಬಾಗಿ ಇನ್ನೊಂದರಲ್ಲಿ ಎತ್ತಿದ್ದರೆ ಗದ್ದದ ಉದ್ದವೇ ಬದಲಾಗಿ ಕಾಣುತ್ತೆ, ಆಗ ಅಂಥ ಫೋಟೋ ಇದ್ದೂ ಪ್ರಯೋಜನ ಇಲ್ಲ.

ಈಗ ಅಳತೆ. ಹಳೇ ಫೋಟೋದಲ್ಲಿ ಎರಡು ಕಣ್ಣಿನ ಪಾಪೆಗಳ ನಡುವೆ 180 ಪಿಕ್ಸೆಲ್, ಕೆಳದುಟಿಯಿಂದ ಗದ್ದದ ತುದಿಗೆ 108. ಅಂದ್ರೆ ಗದ್ದದ ಎತ್ತರ ಕಣ್ಣಿನ ಅಂತರದ 0.6 ಭಾಗ. ದೊಡ್ಡ ಫೋಟೋದಲ್ಲಿ ಕಣ್ಣಿನ ಅಂತರ 300. ಹಾಗಾದ್ರೆ ಗದ್ದ ದುಟಿಯಿಂದ 180 ಪಿಕ್ಸೆಲ್ ಕೆಳಗೆ ಮುಗಿಯಬೇಕು. ಗಡ್ಡ ಮಾತ್ರ 250ರ ತನಕ ಇಳಿದಿದೆ. ಹೆಚ್ಚುವರಿ 70 ಪಿಕ್ಸೆಲ್ ಮುಖವೇ ಅಲ್ಲ, ಅಲ್ಲಿ ಕುತ್ತಿಗೆ ಬರಬೇಕು. ಲೆಕ್ಕ ತಾಳೆ ಆಗುತ್ತಾ ಅಂತಲೂ ನೋಡಬಹುದು: ಗಡ್ಡ ದಿನಕ್ಕೆ ಸುಮಾರು 0.4 ಮಿಲಿಮೀಟರ್ ಬೆಳೆಯುತ್ತೆ, 41 ದಿನಕ್ಕೆ ಒಂದೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ದೊಡ್ಡವರ ಕಣ್ಣಿನ ಅಂತರ ಆರು ಸೆಂಟಿಮೀಟರ್ ಚಿಲ್ಲರೆ ಅಂತ ಹಿಡಿದ್ರೆ 70 ಪಿಕ್ಸೆಲ್ ಅಂದ್ರೂ ಹೆಚ್ಚುಕಡಿಮೆ ಅಷ್ಟೇ. ಈ ಅಳತೆ ಮಾಡದೆ ಗಡ್ಡದ ಆಕಾರಕ್ಕೇ ಚರ್ಮ ಬಳಿದ್ರೆ ಮುಖ ಉದ್ದವಾಗುತ್ತೆ. ನೋಡಿದವರಿಗೆ ಏನು ತಪ್ಪು ಅಂತ ಹೇಳೋಕಾಗಲ್ಲ, ‘ಅವರ ಥರಾನೇ ಇದಾರೆ, ಆದ್ರೆ ಅವರಲ್ಲ’ ಅಂತಾರೆ.

ಹಳೇ ಫೋಟೋದ ದವಡೆ, ಗದ್ದ, ಕುತ್ತಿಗೆಯ ಮೇಲ್ಭಾಗ ಕತ್ತರಿಸಿ, ದೊಡ್ಡದು ಮಾಡಿ, ಹೊಸದರ ಮೇಲೆ ಬೇರೆ ಲೇಯರ್ ಆಗಿ ಕೂರಿಸಿದೆ. ಅಲ್ಲಿಂದ ತಗೊಳ್ಳೋದು ಆಕಾರ ಮಾತ್ರ. ಬಣ್ಣ ಮತ್ತು ಚರ್ಮದ ಮೇಲ್ಮೈ ಹೊಸ ಫೋಟೋದಿಂದಲೇ ಬರಬೇಕು. ಅದಕ್ಕೆ ಎರಡನ್ನೂ ಬೇರೆ ಮಾಡ್ಕೋಬೇಕು. ಗಿಂಪ್‌ನಲ್ಲಿ ಹೀಗೆ: ಚಿತ್ರದ ಎರಡು ನಕಲು ಮಾಡಿ, ಮೇಲಿನದಕ್ಕೆ Gaussian Blur ಹಾಕಿ. ಚರ್ಮದ ರಂಧ್ರಗಳು ಮಾಯವಾಗಿ ಮುಖದ ಉಬ್ಬುತಗ್ಗು ಉಳಿಯೋ ತನಕ ಏರಿಸಿ, ಈ ಗಾತ್ರಕ್ಕೆ 8 ಪಿಕ್ಸೆಲ್ ಸಾಕಾಯ್ತು. ಆ ಮಸುಕು ನಕಲಿನ ಮೋಡ್ Grain extract ಮಾಡಿ, New from Visible ಒತ್ತಿ, ಬಂದ ಹೊಸ ಲೇಯರನ್ನ ಎಲ್ಲಕ್ಕಿಂತ ಮೇಲಿಟ್ಟು Grain merge ಮಾಡಿ, Grain extract ಮಾಡಿದ್ದ ನಕಲಿನ ಮೋಡ್ ಮತ್ತೆ Normal ಮಾಡಿ. ಈಗ ಕೆಳಗಿನ ಲೇಯರಿನಲ್ಲಿ ಬಣ್ಣ, ನೆರಳು. ಮೇಲಿನದರಲ್ಲಿ ರಂಧ್ರ, ಸುಕ್ಕು, ಕೂದಲು.

ಬಣ್ಣವನ್ನ ಕೆಳಗಿನ ಲೇಯರಿನಲ್ಲಿ ಮೆತ್ತನೆ ಬ್ರಶ್‌ನಿಂದ ಹೊಂದಿಸಿ. ಮೇಲಿನದರಲ್ಲಿ ಗಡ್ಡ ಶುರುವಾಗೋ ಗೆರೆಗಿಂತ ಸ್ವಲ್ಪ ಮೇಲಿನ ಕೆನ್ನೆಯಿಂದ ಚರ್ಮ ನಕಲು ಮಾಡಿ ಕೆಳಗೆ ತನ್ನಿ. ಹಣೆಯಿಂದ ತರೋದು ಸುಲಭ ಅನ್ಸುತ್ತೆ, ಆದ್ರೆ ಹಣೆಯ ಚರ್ಮವೇ ಬೇರೆ, ಅಡ್ಡ ಗೆರೆಗಳೂ ಜೊತೆಗೆ ಬಂದ್ಬಿಡ್ತವೆ. ಎಡ ಕೆನ್ನೆಯ ತುಂಡನ್ನ ತಿರುಗಿಸಿ ಬಲಕ್ಕೆ ಹಾಕೋದೂ ಬೇಡ. ಪ್ರತಿ ರಂಧ್ರಕ್ಕೂ ಬೆಳಕು ಬೀಳೋ ಒಂದು ಬದಿ ಇದೆ, ತಿರುಗಿಸಿದ್ರೆ ಅದೂ ತಿರುಗುತ್ತೆ.

ಇನ್ನು ಕುತ್ತಿಗೆಯ ನೆರಳು. ನನ್ನ ಪ್ರಕಾರ ಕೆಲಸದ ಅರ್ಧ ಇದೇ. ಗಡ್ಡದ ನೆರಳಿಗೆ ಅಂಚು ಇರಲ್ಲ, ಕೂದಲೊಳಗೇ ಕರಗಿ ಹೋಗಿರುತ್ತೆ. ಬೋಳಿಸಿದ ದವಡೆಯ ನೆರಳು ಹಾಗಲ್ಲ. ಮೂಳೆಯ ಅಂಚಿನ ಕೆಳಗೇ ಗಾಢವಾಗಿ ಶುರುವಾಗಿ ಕೆಳಗೆ ಹೋಗ್ತಾ ಮೆತ್ತಗಾಗುತ್ತೆ. ಬೆಳಕು ಯಾವ ಕಡೆಯದು ಅಂತ ಮೂಗಿನ ನೆರಳು ಹೇಳುತ್ತೆ. ಇಲ್ಲಿ ಎಡದ ಕಿಟಕಿ, ಅಂದ್ರೆ ಬಲ ದವಡೆಯ ಕೆಳಗೆ ಜಾಸ್ತಿ ಕಪ್ಪು. ಬಣ್ಣ ಮಾತ್ರ ಕಪ್ಪಲ್ಲ, ಅವರ ಕಿವಿಯ ಹಿಂದಿದ್ದ ಕೆಂಪು ಮಿಶ್ರಿತ ಕಂದು ಬಣ್ಣವನ್ನೇ ತಗೊಂಡೆ. ಇನ್ನೊಂದು ವಿಷಯ: ಬಿಳಿ ಶರ್ಟ್ ಆಗಿದ್ರೆ ಬೆಳಕು ಬಟ್ಟೆಯಿಂದ ಪುಟಿದು ಗದ್ದದ ಅಡಿಗೆ ಬೀಳ್ತಿತ್ತು. ಇವರದ್ದು ವ್ರತದ ಕಪ್ಪು ಬಟ್ಟೆ, ಪುಟಿಯೋ ಬೆಳಕೇ ಇಲ್ಲ. ಅಡಿಭಾಗ ಗಾಢವಾಗಿಯೇ ಇರಬೇಕು. ಮದುವೆ ಫೋಟೋದ ಕುತ್ತಿಗೆಯನ್ನ ಹಾಗೇ ಬಿಟ್ಟಿದ್ರೆ, ಬಿಳಿ ಶರ್ಟು ಮತ್ತು ಫ್ಲ್ಯಾಶ್ ಸೇರಿ ತಲೆಯನ್ನ ಅಂಟಿಸಿದ ಹಾಗೆ ಕಾಣ್ತಿತ್ತು.

ಇಷ್ಟಾದ ಮೇಲೂ ಮುಖ ಮೇಣದ್ದು. ಯಾಕಂದ್ರೆ ನಮ್ಮ ಕಡೆಯ ಗಂಡಸರ ಬೋಳಿಸಿದ ಕೆನ್ನೆ ಹಣೆಯ ಬಣ್ಣದಲ್ಲಿ ಇರೋದೇ ಇಲ್ಲ. ಚರ್ಮದೊಳಗಿನ ಕೂದಲ ಬುಡಗಳು ಬೂದು, ಹಸಿರು ಛಾಯೆ ಕೊಡ್ತವೆ. ಶುರು ಮಾಡೋ ಮೊದಲೇ ಅಮ್ಮನ್ನ ಕೇಳಿದ್ದೆ. “ಬೆಳಗ್ಗೆ ಶೇವ್ ಮಾಡಿದ್ರೂ ಸಂಜೆಗೆ ಕೆನ್ನೆ ಒರಟಾಗ್ತಿತ್ತು ಕಣಪ್ಪಾ” ಅಂದಿದ್ರು. ಅದಕ್ಕೇ ಬೂದು ಛಾಯೆಯ ಒಂದು ಲೇಯರ್ ಶೇಕಡಾ 12ರಷ್ಟು ತೆಳುವಾಗಿ ಹಾಕಿ, ಅದರ ಮೇಲೆ ಸಂಜೆಯ ಕುರುಚಲು ಬಿಡಿಸಿದೆ.

ಕುರುಚಲಿಗೆ ದಿಕ್ಕು ಇದೆ. ಎರಡು ದಿನ ಶೇವ್ ಮಾಡದ ನಿಮ್ಮದೇ ಮುಖದ ಮೇಲೆ, ಇಲ್ಲಾ ಅಣ್ಣನ ಮುಖದ ಮೇಲೆ, ಕೈ ಆಡಿಸಿ ನೋಡಿ. ಕೆನ್ನೆಯಲ್ಲಿ ಕೆಳಗೆ ಸವರಿದ್ರೆ ನುಣುಪು, ಮೇಲೆ ಸವರಿದ್ರೆ ಚುಚ್ಚುತ್ತೆ. ದವಡೆ ದಾಟಿ ಕುತ್ತಿಗೆಗೆ ಬಂದ್ರೆ ತುಂಬಾ ಜನರಲ್ಲಿ ಅಡ್ಡಕ್ಕೋ ಮೇಲಕ್ಕೋ ತಿರುಗುತ್ತೆ, ಕೆಲವರಿಗೆ ಸುಳಿಯೇ ಇರುತ್ತೆ. ಕೆನ್ನೆಯ ತುಂಡನ್ನ ಕುತ್ತಿಗೆಗೆ ಅಂಟಿಸಿದ್ದು ಸಿಕ್ಕಿಬೀಳೋದು ಇಲ್ಲೇ. ಎರಡು ಪಿಕ್ಸೆಲ್ ಬ್ರಶ್‌ನಲ್ಲಿ ಚಿಕ್ಕ ಗೀಟು ಎಳೆದೆ, ಕೆಲವು ಬಿಳಿ, ಕೆಲವು ಕಂದು, ಅಂಚಿಗೆ ಹೋದಂತೆ ವಿರಳ. ಆಮೇಲೆ ಅರ್ಧ ಪಿಕ್ಸೆಲ್ ಮಸುಕು. ಇಲ್ಲದಿದ್ರೆ ಆ ಗೀಟುಗಳು ಫೋಟೋಗಿಂತ ಚೂಪಾಗಿ ಎದ್ದು ಕಾಣ್ತವೆ.

ಮೀಸೆಯ ತುದಿ ಕಷ್ಟದ ಜಾಗ. ಬಾಯಿಯ ಮೂಲೆಯಲ್ಲಿ ಮೀಸೆ ಗಡ್ಡಕ್ಕೆ ಸೇರಿಕೊಂಡಿರುತ್ತೆ, ಅಲ್ಲಿ ನೇರ ಗೆರೆಯಲ್ಲಿ ಕತ್ತರಿಸಿದ್ರೆ ನಾಟಕದ ಅಂಟುಮೀಸೆ ಆಗುತ್ತೆ. ಕೆಲವು ಎಳೆಗಳನ್ನ ಹೊರಗೆ, ಕೆಳಗೆ ಬಾಗಿಸಿ ಒಂದೊಂದಾಗಿ ಮುಗಿಸಬೇಕು. ಮೀಸೆ ಹೊಸದಾಗಿ ಸೇರಿಸೋವಾಗಲೂ ಇದೇ ನಿಯಮ: ಮೂಗಿನ ಕೆಳಗಿನ ಗುಳಿಯಿಂದ ಎರಡೂ ಕಡೆಗೆ, ಹೊರಕ್ಕೆ ಕೆಳಕ್ಕೆ.

ಕೊನೆಗೆ ಚಿತ್ರವನ್ನ ಎಡಬಲ ತಿರುಗಿಸಿ ನೋಡಿದೆ, ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ನೋಡಿದೆ. ದವಡೆ ಓರೆಯಾಗಿದ್ರೆ ಮೊದಲನೆಯದರಲ್ಲಿ, ನೆರಳು ಹೊಂದದಿದ್ರೆ ಎರಡನೆಯದರಲ್ಲಿ ಗೊತ್ತಾಗುತ್ತೆ. ದೊಡ್ಡ ಫ್ರೇಮಿಗೆ ಕೊಡೋ ಮುಂಚೆ ಗದ್ದದ ಭಾಗವನ್ನ ಮಾತ್ರ ಅದೇ ಅಳತೆಯಲ್ಲಿ ಒಂದು ಚಿಕ್ಕ ಹಾಳೆ ಪ್ರಿಂಟ್ ಹಾಕಿಸಿದ್ವಿ. ಫೋನಿನಲ್ಲಿ ಸರಿ ಕಾಣೋ ನೆರಳು ಕಾಗದದಲ್ಲಿ ಒಂದು ಪಟ್ಟು ಕಪ್ಪಾಗೋದು ಮಾಮೂಲಿ, ಅಷ್ಟನ್ನ ತಿಳಿ ಮಾಡಿ ಕಳಿಸಿದೆ.