ಬಿಸಿಲನ್ನು ತಾರಸಿಯ ಮೇಲೆಯೇ ತಡೆಯಬೇಕು

ಶಿಕಾರಿಪುರ, ಸೊರಬದಂತಹ ಅರೆಮಲೆನಾಡಿನ ಊರುಗಳಲ್ಲಿ ಹೆಂಚಿನ ಮಾಡಿನ ಜಾಗವನ್ನು ಕಾಂಕ್ರೀಟ್ ತಾರಸಿ ಆಕ್ರಮಿಸಿದೆ. ಅಡಿಕೆ ಒಣಗಿಸಲು ಸಮತಟ್ಟಾದ ಜಾಗ ಸಿಗುತ್ತದೆ. ಮಹಡಿಯ ಮೇಲೊಂದು ಕೊಠಡಿ ಕಟ್ಟಿದರೆ ಮಕ್ಕಳ ಓದಿಗೂ ಆಯಿತು, ಬಾಡಿಗೆಗೂ ಆಯಿತು. ಆದರೆ ಪರೀಕ್ಷೆಗಳು ಎದುರಾಗುವ ಮಾರ್ಚ್ ತಿಂಗಳಲ್ಲಿ ಅದೇ ಕೊಠಡಿ ಸಂಜೆಯಾದರೂ ಕಾದ ಕಾವಲಿಯಂತಿರುತ್ತದೆ. ಆಗ ನಾವು ಹಣ ಸುರಿಯುವುದು ಕೊಠಡಿಯ ಒಳಗೆ. ತಡೆಯಬೇಕಾದ ಬಿಸಿಲು ಇರುವುದು ಹೊರಗೆ.

ಹಳೆಯ ಮಲೆನಾಡಿನ ಮನೆಯನ್ನು ನೆನಪಿಸಿಕೊಳ್ಳಿ. ಮೇಲೆ ಹೆಂಚು, ಅದರಡಿ ಅಟ್ಟ, ಅಟ್ಟದಡಿ ಹಲಗೆಯ ಮೇಲೆ ಮಣ್ಣು ಹಾಸಿದ ಮುಚ್ಚಿಗೆ. ಹೆಂಚು ಕಾದರೂ ಆ ಬಿಸಿಗಾಳಿ ಸಂದುಗಳಿಂದ ಹೊರಹೋಗುತ್ತಿತ್ತು. ನಾಲ್ಕೈದು ಇಂಚು ದಪ್ಪದ ಕಾಂಕ್ರೀಟಿಗೆ ಅಂತಹ ಅಟ್ಟವಿಲ್ಲ. ನಡುಹಗಲಿನಲ್ಲಿ ಅದು ಹೀರಿದ ಶಾಖ ತಳಭಾಗಕ್ಕೆ ಇಳಿಯಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಸಂಜೆ ಕಿಟಕಿ ತೆರೆದು ಹೊರಗಿನ ತಂಗಾಳಿ ಬಂದರೂ ಸೆಕೆ ಇಳಿಯದಿದ್ದರೆ, ಗೋಡೆಗಿಂತ ಸೂರಿನ ತಳ ಕೈಗೆ ಬಿಸಿ ಹತ್ತಿದರೆ, ಅಪರಾಧಿ ತಾರಸಿಯೇ ಎಂದು ತಿಳಿಯಬಹುದು.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೊಠಡಿಯ ಲೆಕ್ಕ ನೋಡೋಣ. ಅದರ ತಾರಸಿ ಸುಮಾರು 11 ಚದರ ಮೀಟರ್. ಬೇಸಿಗೆಯ ನಡುಹಗಲಿನಲ್ಲಿ ಅದರ ಮೇಲೆ ಬೀಳುವ ಬಿಸಿಲು ಹತ್ತಿರ ಹತ್ತಿರ 11 ಕಿಲೋವಾಟ್. ಹಳೆಯ, ಕಪ್ಪಿಟ್ಟ ಕಾಂಕ್ರೀಟ್ ಅದರಲ್ಲಿ ಏಳು ಕಿಲೋವಾಟ್‌ನಷ್ಟನ್ನು ಹೀರಿಕೊಂಡೀತು. ಹೊಸದಾಗಿ ಬಿಳಿ ಬಳಿದ ಮೇಲ್ಮೈ ಎರಡರಷ್ಟನ್ನು. ಹೀರಿದ ಶಾಖದ ಬಹುಪಾಲು ಗಾಳಿಗೆ ಮರಳುತ್ತದೆ, ನಿಜ. ಉಳಿದು ಕೆಳಗಿಳಿಯುವ ಪಾಲು ಕೂಡ ಇದೇ ಪ್ರಮಾಣದಲ್ಲಿ ತಗ್ಗುತ್ತದೆ ಎಂಬುದು ಮುಖ್ಯ.

ಪರದೆಗೆ ಈ ಶಾಖದ ಗೊಡವೆಯೇ ಇಲ್ಲ. ಅದು ತಡೆಯುವುದು ಕಿಟಕಿಯ ಬಿಸಿಲನ್ನು ಮಾತ್ರ. ಅದೂ ಗಾಜು ದಾಟಿ ಒಳಬಂದ ಮೇಲೆ. ಪಡುವಣ ಕಿಟಕಿಯ ಹೊರಗೆ ಅಡಿಕೆ ಸೋಗೆಯ ತಡಿಕೆ ಕಟ್ಟಿದರೆ ದುಬಾರಿ ಪರದೆಗಿಂತ ಹೆಚ್ಚು ಫಲ ಸಿಗುತ್ತದೆ.

ಫಾಲ್ಸ್ ಸೀಲಿಂಗ್ ನಮ್ಮ ಮುಚ್ಚಿಗೆಯ ಹೊಸ ಅವತಾರ. ಆದರೆ ಅದರ ಮೇಲಿನ ಗಾಳಿಗೆ ಹೊರದಾರಿ ಇರಬೇಕು. ಎದುರುಬದುರು ಗೋಡೆಗಳಲ್ಲಿ ಜಾಲರಿ ಕಿಂಡಿ ಬಿಡದಿದ್ದರೆ ಬಿಸಿ ಅಲ್ಲೇ ಕೂಡಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಹೊಳೆಯುವ ಫಾಯಿಲ್ ಕೂಡ ಎದುರಿಗೆ ಕನಿಷ್ಠ ಒಂದು ಇಂಚು ಖಾಲಿ ಜಾಗವಿದ್ದರಷ್ಟೇ ಕೆಲಸ ಮಾಡುತ್ತದೆ. ಎರಡು ಹಲಗೆಗಳ ನಡುವೆ ಒತ್ತಿ ಕೂರಿಸಿದರೆ ಅದು ಬರೀ ಲೋಹದ ಹಾಳೆ. ಅದನ್ನು ಸೂರಿನ ತಳಕ್ಕೆ, ಹೊಳೆಯುವ ಮುಖ ಕೆಳಕ್ಕೆ ಬರುವಂತೆ ಬಿಗಿದರೆ ಧೂಳು ಕೂರದು, ಹೊಳಪು ಉಳಿಯುತ್ತದೆ. ತಗಡಿನ ಶೀಟಿನಡಿಯ ಕೊಠಡಿಗಂತೂ ಇದು ಹೆಚ್ಚು ಉಪಯುಕ್ತ. ಆದರೆ ಮಳೆಗಾಲ ದೀರ್ಘವಾಗಿರುವ ನಮ್ಮಲ್ಲಿ ಸೀಲಿಂಗ್ ಒಂದು ಅಪಾಯವನ್ನೂ ತರುತ್ತದೆ: ಸೋರಿಕೆಯ ಕಲೆ ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ಮೊದಲ ಖರ್ಚು ತಾರಸಿಯ ಮೇಲಾಗಲಿ. ಫೆಬ್ರವರಿಯಲ್ಲಿ ಪಾಚಿಯನ್ನು ತಂತಿಬ್ರಷ್‌ನಿಂದ ಕೆರೆದು, ತೊಳೆದು, ಪೂರ್ತಿ ಒಣಗಿಸಿ, ಬಿರುಕು ಮುಚ್ಚಿ, ಅಂಟು ಬೆರೆಸಿದ ಸುಣ್ಣವನ್ನು ಎರಡು ಕೋಟ್ ಬಳಿದರೆ ಸಾಕು. ಮಳೆಗೆ ಅದು ತೊಳೆದುಹೋಗುತ್ತದೆ, ಪ್ರತಿವರ್ಷ ಬಳಿಯಬೇಕು. ಬಿಳಿ ರಬ್ಬರಿನಂತಹ ಲೇಪನ ದುಬಾರಿಯಾದರೂ ಕೆಲವು ವರ್ಷ ಬಾಳುತ್ತದೆ; ಆದರೆ ಒದ್ದೆ ತಾರಸಿಗೆ ಬಳಿದರೆ ಗುಳ್ಳೆಯೆದ್ದು ಸಿಪ್ಪೆಯಂತೆ ಕಿತ್ತುಬರುತ್ತದೆ. ಎರಡಕ್ಕೂ ಧೂಳೇ ಶತ್ರು: ಬಿಳುಪು ಮಾಸಿದಷ್ಟೂ ತಂಪು ಕಡಿಮೆ. ಸೋರಿಕೆಗೆಂದು ಕಪ್ಪು ಡಾಂಬರಿನ ಹಾಳೆ ಹಾಸಿ ಹಾಗೆಯೇ ಬಿಟ್ಟರೆ ನೀರು ನಿಂತೀತು, ಬಿಸಿಲನ್ನು ಮಾತ್ರ ಕರೆದು ಕೂರಿಸಿದಂತೆ. ನಂಬಿಕೆ ಬಾರದವರು ಎರಡಡಿ ಜಾಗಕ್ಕೆ ಸುಣ್ಣ ಬಳಿದು, ಮಧ್ಯಾಹ್ನ ಬಳಿದ ಮತ್ತು ಬಳಿಯದ ಕಡೆ ಅಂಗೈ ಇಟ್ಟು ನೋಡಲಿ.

ನೆರೆಯ ತೆಲಂಗಾಣ 2023ರಲ್ಲಿಯೇ ಶಾಖ ತಗ್ಗಿಸುವ ಚಾವಣಿಗಳಿಗೆಂದು ನೀತಿಯೊಂದನ್ನು ಪ್ರಕಟಿಸಿತು. ನಮ್ಮ ಸ್ಥಳೀಯ ಸಂಸ್ಥೆಗಳು ಅಷ್ಟಕ್ಕೆ ಕಾಯಬೇಕಿಲ್ಲ. ಶಾಲೆ, ವಿದ್ಯಾರ್ಥಿನಿಲಯಗಳ ಗೋಡೆಗೆ ಸುಣ್ಣ ಬಳಿಯುವ ಕೂಲಿಯವರನ್ನು ಪರೀಕ್ಷೆಗೆ ಮುನ್ನ ಒಂದು ದಿನ ತಾರಸಿಗೂ ಹತ್ತಿಸಿದರೆ ಸಾಕು. ಗೋಡೆಯ ಸುಣ್ಣ ದಾರಿಹೋಕರಿಗೆ ಕಾಣುತ್ತದೆ. ತಾರಸಿಯ ಸುಣ್ಣದ ಫಲ ಕೆಳಗೆ ಕೂತು ಓದುವ ಮಕ್ಕಳಿಗೆ ದಕ್ಕುತ್ತದೆ.