‘ಅದು ಪಾಲಕರ ಖಾಸಗಿ ಗುಂಪು’ ಎಂಬ ನುಣುಚು ಮಾತು

ಶಾಲೆಗಳನ್ನು ನಡೆಸುತ್ತಿರುವ ನಮ್ಮ ವಿಶ್ವಸ್ಥ ಮಂಡಳಿಗಳಲ್ಲಿ ಇತ್ತೀಚೆಗೆ ಒಂದು ವಾಕ್ಯ ಸಿದ್ಧ ಉತ್ತರವಾಗಿ ಚಲಾವಣೆಗೆ ಬಂದಿದೆ: “ಅದು ಪಾಲಕರ ಖಾಸಗಿ ವಾಟ್ಸಾಪ್ ಗುಂಪು; ಶಾಲೆಗೂ ಅದಕ್ಕೂ ಸಂಬಂಧವಿಲ್ಲ.” ಒಂದು ಮಗುವಿನ ಮೇಲೋ ಒಬ್ಬ ತಾಯಿಯ ಮೇಲೋ ಇಡೀ ತರಗತಿಯ ಪಾಲಕರು ತಿರುಗಿಬಿದ್ದ ಸಂದರ್ಭದಲ್ಲಿ ಈ ವಾಕ್ಯವನ್ನು ನಾನು ಎರಡು ಊರುಗಳ ಸಭೆಗಳಲ್ಲಿ ಕೇಳಿದ್ದೇನೆ, ಒಮ್ಮೆ ನಾನೇ ಆಡಿದ್ದೇನೆ. ಆದುದರಿಂದಲೇ ಇದನ್ನು ಖಂಡಿಸುವ ಹೊಣೆ ನನ್ನ ಮೇಲಿದೆ.

ನಾನು ಆಡಳಿತ ಸಮಿತಿಯ ಸದಸ್ಯನಾಗಿದ್ದ ಒಂದು ಶಾಲೆಯ ಎರಡನೆಯ ತರಗತಿಯಲ್ಲಿ ನಡೆದ ಸಂಗತಿ ಇದು. ಮಧ್ಯಾಹ್ನದ ಊಟದ ವೇಳೆ ಒಬ್ಬ ಬಾಲಕಿಯ ಕೆನ್ನೆಗೆ ಪೆನ್ಸಿಲಿನ ಮೊನೆ ತಾಗಿ ಗೀರು ಬಿತ್ತು. ಶಿಕ್ಷಕಿ ಗಾಯವನ್ನು ತೊಳೆದು ಮುಲಾಮು ಹಚ್ಚಿದರು. ಅಲ್ಪ ಗಾಯವೆಂದು ಮನೆಗೆ ದೂರವಾಣಿ ಮಾಡಲಿಲ್ಲ. ಸಂಜೆ ಮಗಳ ಮುಖ ಕಂಡ ತಾಯಿಗೆ ಗಾಬರಿಯಾದದ್ದು ಸಹಜ. ಶಾಲೆಯ ಕಚೇರಿ ಅಷ್ಟರಲ್ಲಿ ಮುಚ್ಚಿತ್ತು. ರಾತ್ರಿ 8 ಗಂಟೆಗೆ ಆಕೆ ಗೀರಿನ ಚಿತ್ರವನ್ನು ಗುಂಪಿಗೆ ಹಾಕಿ, “ಇಂದು ತರಗತಿಯಲ್ಲಿ ಏನಾಯಿತೆಂದು ಯಾರಿಗಾದರೂ ಗೊತ್ತೇ?” ಎಂದು ಕೇಳಿದರು. ಈ ಪ್ರಶ್ನೆಯಲ್ಲಿ ದೋಷವೇನೂ ಇರಲಿಲ್ಲ. ಕೇಳಬೇಕಾಗಿದ್ದ ಸ್ಥಳ ಮುಚ್ಚಿದ್ದರಿಂದ ಅದು ತೆರೆದಿದ್ದ ಸ್ಥಳಕ್ಕೆ ಹೋಯಿತು, ಅಷ್ಟೇ.

ಹತ್ತು ನಿಮಿಷದೊಳಗೆ ಒಬ್ಬರು ತಮ್ಮ ಮಗನನ್ನು ವಿಚಾರಿಸಿ ಒಬ್ಬ ಹುಡುಗನ ಹೆಸರು ಬರೆದರು. ಇನ್ನೊಬ್ಬರು ನೀರಿನ ಬಾಟಲಿಯ ಹಳೆಯ ಪ್ರಕರಣವನ್ನು ನೆನೆದರು. ಒಂಬತ್ತು ಗಂಟೆಯ ಹೊತ್ತಿಗೆ ಪ್ರಶ್ನೆಗಳು ನಿಂತು ತೀರ್ಪುಗಳು ಆರಂಭವಾಗಿದ್ದವು. “ನನ್ನ ಮಗು” ಎಂಬುದು “ನಮ್ಮ ಮಕ್ಕಳು” ಎಂದಾಗಿತ್ತು. ಮನೆಯ ಸಂಸ್ಕಾರದ ಮಾತು ಬಂದಿತ್ತು. ಗುಂಪು ಕೆಡುತ್ತಿದೆಯೆಂಬುದಕ್ಕೆ ಈ ಮೂರು ಲಕ್ಷಣಗಳು ಸಾಕು. ಕೆಲಸದಿಂದ ತಡವಾಗಿ ಮರಳಿದ ಆ ಹುಡುಗನ ತಾಯಿ ಹತ್ತೂವರೆಗೆ ಇದನ್ನೆಲ್ಲ ಒಟ್ಟಿಗೆ ಓದಿ ದೀರ್ಘವಾದ ವಿವರಣೆ ಬರೆದರು. ಅದು ಅಹಂಕಾರವೆನಿಸಿತು. ಹನ್ನೊಂದಕ್ಕೆ ಗುಂಪಿನ ಅಡ್ಮಿನ್ ಆಕೆಯನ್ನು ಹೊರಹಾಕಿದರು. ಮರುದಿನ ಬೆಳಿಗ್ಗೆ 22 ಸಹಿಗಳ ಮನವಿಯೊಂದು ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲಿತ್ತು: ಹುಡುಗನನ್ನು ಬೇರೆ ವಿಭಾಗಕ್ಕೆ ಹಾಕಿ, ಇಲ್ಲವೇ ಟಿ.ಸಿ. ಕೊಡಿ.

ಆಗ ಶಾಲೆ ಮಾಡಿದ್ದೇನು? ಗುಂಪಿಗೂ ತನಗೂ ಸಂಬಂಧವಿಲ್ಲವೆಂದಿತು. ಅದೇ ಬಾಯಲ್ಲಿ ಹುಡುಗನ ತಂದೆಗೆ “ವಾತಾವರಣ ತಿಳಿಯಾಗುವವರೆಗೆ ನಾಲ್ಕು ದಿನ ಮನೆಯಲ್ಲಿಟ್ಟುಕೊಳ್ಳಿ” ಎಂದು ಸಲಹೆ ನೀಡಿತು. ಸಂಬಂಧವೇ ಇಲ್ಲದ ಗುಂಪಿನ ಆದೇಶವನ್ನು ಜಾರಿಗೊಳಿಸಿದ್ದು ಯಾವ ನ್ಯಾಯ? ಈ ಸಲಹೆಗೆ ಸಮಿತಿಯಲ್ಲಿ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ.

ಸಂಬಂಧವಿಲ್ಲವೆಂಬ ಮಾತನ್ನೇ ಪರೀಕ್ಷಿಸೋಣ. ಆ ಗುಂಪಿನ ಹೆಸರು ತರಗತಿಯ ಮತ್ತು ವಿಭಾಗದ ಹೆಸರು. ಶಾಲೆಗೆ ಶುಲ್ಕ ಕಟ್ಟಿದವರಲ್ಲದೆ ಬೇರೊಬ್ಬರಿಗೆ ಅದರಲ್ಲಿ ಪ್ರವೇಶವಿಲ್ಲ. ದೂರವಾಣಿ ಸಂಖ್ಯೆಗಳು ಶಾಲೆಯ ಮೊದಲ ಪಾಲಕರ ಸಭೆಯಲ್ಲಿ ಕೈಬದಲಾದವು. ಮನೆಪಾಠವನ್ನೂ ರಜೆಯನ್ನೂ ಶಿಕ್ಷಕಿ ಅಲ್ಲಿಯೇ ತಿಳಿಸುತ್ತಿದ್ದರು. ಅನುಕೂಲಕ್ಕೆ ಗುಂಪು ನಮ್ಮದು, ಅನನುಕೂಲಕ್ಕೆ ಪರರದು ಎಂದರೆ, ಲಾಭವನ್ನು ಅಂಗಡಿಯ ಖಾತೆಗೆ ಬರೆದು ನಷ್ಟವನ್ನು ನೆರೆಯವನ ಖಾತೆಗೆ ಬರೆದಂತೆ. ಅದಕ್ಕಿಂತ ಮುಖ್ಯವಾಗಿ, ರಾತ್ರಿ ಗುಂಪಿನಲ್ಲಿ ಬರೆದದ್ದನ್ನು ಬೆಳಿಗ್ಗೆ ಮಕ್ಕಳು ತರಗತಿಗೆ ಹೊತ್ತು ತರುತ್ತಾರೆ. ನಾಲ್ಕು ದಿನಗಳ ನಂತರ ಶಾಲೆಗೆ ಮರಳಿದ ಆ ಹುಡುಗನ ಬೆಂಚಿನಲ್ಲಿ ಕೂರಲು ಯಾರೂ ಒಪ್ಪಲಿಲ್ಲ. “ಅಮ್ಮ ಬೇಡವೆಂದಿದ್ದಾಳೆ” ಎಂದು ಏಳು ವರ್ಷದ ಮಕ್ಕಳು ನಿಷ್ಕಪಟವಾಗಿ ಹೇಳಿದರು. ಇದು ಶಾಲೆಯ ಒಳಗೆ, ಶಾಲೆಯ ವೇಳೆಯಲ್ಲಿ ನಡೆದದ್ದು.

ಆಮೇಲೆ ವಿಚಾರಣೆಯ ಕೆಲಸ ನನಗೆ ಬಂತು. ನನ್ನದು ಲೆಕ್ಕದ ವಿದ್ಯೆ. ಕಿರ್ದಿಯಲ್ಲಿ ಒಂದೇ ಬಿಲ್ಲನ್ನು ಐದು ಬಾರಿ ಬರೆದರೆ ಐದು ವ್ಯಾಪಾರ ನಡೆದಂತಾಗುವುದಿಲ್ಲ ಎಂಬಷ್ಟು ಬಲ್ಲೆ. ಮನವಿಯಲ್ಲಿ “ಹಿಂದೆಯೂ ಐದು ಬಾರಿ” ಎಂದಿತ್ತು. ಸಹಿ ಮಾಡಿದ ಪ್ರತಿಯೊಬ್ಬರಿಗೂ, ತಾವು ಅಥವಾ ತಮ್ಮ ಮಗು ಕಣ್ಣಾರೆ ಕಂಡದ್ದನ್ನು ದಿನಾಂಕದೊಡನೆ ಪ್ರತ್ಯೇಕ ಹಾಳೆಯಲ್ಲಿ ಬರೆದುಕೊಡಲು ಕೋರಿದೆವು. ಇಪ್ಪತ್ತೆರಡು ಸಹಿಗಳಿಂದ ಬಂದ ಹಾಳೆಗಳು ಮೂರು. ಐದು ಪ್ರಕರಣಗಳನ್ನು ಹಾಜರಿ ಪುಸ್ತಕದೊಡನೆ ತಾಳೆ ನೋಡಿದಾಗ, ಎರಡು ದಿನ ಹುಡುಗ ಶಾಲೆಗೇ ಬಂದಿರಲಿಲ್ಲ. ಒಂದು ಅದೇ ಹೆಸರಿನ ಬೇರೆ ಹುಡುಗನದು. ಉಳಿದ ಎರಡೂ ಒಂದೇ ಬಾಟಲಿಯ ಕಥೆ, ಇಬ್ಬರ ಬಾಯಿಂದ ಬಂದದ್ದು. ಪೆನ್ಸಿಲಿನ ವಿಷಯದಲ್ಲಿ, ಇಬ್ಬರೂ ಒಂದನ್ನೇ ಹಿಡಿದೆಳೆದಿದ್ದರು. ಮೊನೆ ಬಾಲಕಿಯ ಕಡೆಗಿತ್ತು. ಗುಂಪಿನಲ್ಲಿದ್ದ ಯಾರೂ ಸುಳ್ಳಾಡಲು ಹೊರಟವರಲ್ಲ. ಪ್ರತಿಯೊಬ್ಬರೂ ತಮ್ಮ ಒಂದು ಚಿಟಿಕೆಯನ್ನು ಸೇರಿಸಿದರು. ಮೊತ್ತವನ್ನು ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ಏಕಾಂತದಲ್ಲಿ ತಿಳಿದದ್ದನ್ನು ಹತ್ತು ಜನರಿಗೆ ಬಯಲು ಮಾಡುವುದು ಸತ್ಯಾಣುವ್ರತದ ಅತಿಚಾರವೆಂದು, ರಹೋಭ್ಯಾಖ್ಯಾನವೆಂಬ ಹೆಸರಿನಲ್ಲಿ, ನಾವು ಸ್ವಾಧ್ಯಾಯದಲ್ಲಿ ಓದುತ್ತೇವೆ. ಮೊಬೈಲಿನಲ್ಲಿ ಅದರ ಗುರುತು ಹಿಡಿಯುವುದಿಲ್ಲ.

ಹಾಗಾದರೆ ಶಾಲೆ ಮಾಡಬೇಕಾದುದೇನು? ಮೊದಲ ಕೆಲಸ ಗುಂಪು ಹುಟ್ಟುವ ಮುಂಚಿನದು. ಗೀರು ಎಷ್ಟೇ ಚಿಕ್ಕದಿರಲಿ, ಮಗು ಮನೆ ಸೇರುವ ಮೊದಲೇ ಎರಡೂ ಮನೆಗಳಿಗೆ ದೂರವಾಣಿ ಹೋಗಬೇಕು. ಒಂದು ಪುಸ್ತಕದಲ್ಲಿ ದಿನಾಂಕ, ನಡೆದ ಸಂಗತಿ, ಕಂಡವರು, ಮನೆಗೆ ತಿಳಿಸಿದ ವೇಳೆ ಇವು ದಾಖಲಾಗಬೇಕು. ಸಂಜೆ ಶಾಲೆ ಮುಚ್ಚಿದಾಗಿನಿಂದ ಮರುದಿನ ಬಾಗಿಲು ತೆರೆಯುವವರೆಗಿನ ಶಾಲೆಯ ಮೌನವೇ ಗುಂಪಿನ ಆಹಾರ. ಆ ದಿನ ಎರಡು ನಿಮಿಷದ ಕರೆಯೊಂದು ಹೋಗಿದ್ದರೆ ಚಿತ್ರ ಗುಂಪಿಗೆ ಬರುತ್ತಿರಲಿಲ್ಲವೆಂದು ಬಾಲಕಿಯ ತಾಯಿಯೇ ನನಗೆ ಹೇಳಿದರು.

ಕಿಡಿ ಹೊತ್ತಿದ ಮೇಲೆ ಶಿಕ್ಷಕಿ ಗುಂಪಿನೊಳಗೆ ವಾದಕ್ಕಿಳಿಯಬಾರದು. ಶಾಲೆಗೆ ತನ್ನದೇ ಪ್ರಕಟಣೆಯ ಗುಂಪೊಂದಿರಲಿ. ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ವ್ಯವಸ್ಥೆ ವಾಟ್ಸಾಪಿನಲ್ಲಿದೆ. ಮುಖ್ಯೋಪಾಧ್ಯಾಯರು ಅದೇ ರಾತ್ರಿ ಅಲ್ಲಿ ನಾಲ್ಕು ಸಾಲು ಬರೆಯಲಿ: ಇಂದಿನ ಘಟನೆ ಗಮನದಲ್ಲಿದೆ, ಸಂಬಂಧಪಟ್ಟ ಮನೆಗಳೊಡನೆ ಮಾತನಾಡುತ್ತಿದ್ದೇವೆ, ಬೆಳಿಗ್ಗೆ ಕಚೇರಿಯಲ್ಲಿ ಸಿಗುತ್ತೇವೆ, ಯಾವ ಮಗುವಿನ ಹೆಸರನ್ನೂ ಚಿತ್ರವನ್ನೂ ಎಲ್ಲಿಯೂ ಹಾಕಬೇಡಿ. ಮರುದಿನ ಬರೆದವರನ್ನು ಒಬ್ಬೊಬ್ಬರನ್ನಾಗಿ ಕರೆಯಬೇಕು. ತುರ್ತು ಮಹಾಸಭೆ ಕರೆಯುವ ಶಾಲೆಗಳಿವೆ. ಮಹಾಸಭೆಯೆಂದರೆ ಅದೇ ಗುಂಪು ಕುರ್ಚಿಗಳ ಮೇಲೆ ಕುಳಿತದ್ದು. ಏಕಾಂತದಲ್ಲಿ ಅದೇ ಜನ ಎಷ್ಟು ಸೌಮ್ಯರಾಗಿರುತ್ತಾರೆಂಬುದನ್ನು ನಾನು ಆ ವಿಚಾರಣೆಯಲ್ಲಿ ಕಂಡೆ. ಅಡ್ಮಿನ್‌ಗೂ ಕೋರಿಕೆ ಹೋಗಬೇಕು: ಇತರರ ಸಂದೇಶಗಳನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ 2022ರಿಂದ ಅಡ್ಮಿನ್‌ಗಿದೆ. ಇದಕ್ಕೂ ಮಿತಿಯಿದೆ, ಅಷ್ಟರಲ್ಲಿ ತೆಗೆದಿಟ್ಟ ಸ್ಕ್ರೀನ್‌ಶಾಟ್ ಅಳಿಯದು, ಹೊರಹಾಕಲ್ಪಟ್ಟವರನ್ನು ಬಿಟ್ಟು ಹುಟ್ಟಿಕೊಂಡ ಎರಡನೆಯ ಗುಂಪು ಶಾಲೆಯ ಕಣ್ಣಿಗೆ ಬೀಳದು.

ಭೀತರಾದ ತಾಯಂದಿರ ಪಕ್ಷದಲ್ಲಿಯೂ ನ್ಯಾಯವಿದೆ. ನಿಜವಾಗಿಯೂ ಪದೇ ಪದೇ ಹೊಡೆಯುವ, ಕಚ್ಚುವ ಮಗು ಇರಬಹುದು. ಶಾಲೆ ಅದನ್ನು ಮುಚ್ಚಿಟ್ಟು ಶಾಂತಿಯ ಉಪದೇಶ ಮಾಡಿದರೆ ಪಾಲಕರು ಒಗ್ಗೂಡದೆ ಮತ್ತೇನು ಮಾಡಿಯಾರು? ಇಲ್ಲಿ ಒಂದು ಸೂಕ್ಷ್ಮ ಗೆರೆಯನ್ನು ಪಾಲಿಸಬೇಕು. “ನಿಮ್ಮ ಮಗಳನ್ನು ಇಂಥ ಬೆಂಚಿಗೆ ಬದಲಿಸಿದ್ದೇವೆ, ಊಟದ ವೇಳೆ ಇನ್ನೊಬ್ಬ ಶಿಕ್ಷಕಿಯನ್ನು ನಿಲ್ಲಿಸಿದ್ದೇವೆ, ಹದಿನೈದು ದಿನಗಳ ನಂತರ ಮತ್ತೆ ಮಾತನಾಡೋಣ” ಎಂದು ಆ ತಾಯಿಗೆ ಸ್ಪಷ್ಟವಾಗಿ ಹೇಳಬೇಕು. ಮತ್ತೊಂದು ಮಗುವನ್ನು ಯಾವ ವೈದ್ಯರಿಗೆ ತೋರಿಸುತ್ತಿದ್ದಾರೆ, ಆ ಮನೆಯಲ್ಲಿ ಏನಿದೆ ಎಂಬುದನ್ನು ಎಷ್ಟು ಒತ್ತಾಯಿಸಿದರೂ ಹೇಳಬಾರದು. ಮೊದಲನೆಯದನ್ನು ಹೇಳಲು ಸೋಮಾರಿತನ ಪಡುವ ಶಾಲೆಗಳೇ ಎರಡನೆಯದನ್ನು ಸೋರಗೊಡುತ್ತವೆ.

ಸಾಮೂಹಿಕ ಮನವಿಯ ಮೇಲೆ ಟಿ.ಸಿ. ಕೊಡುವ ವಿಷಯ ಇನ್ನೂ ಗಂಭೀರ. 2009ರ ಶಿಕ್ಷಣ ಹಕ್ಕು ಕಾಯಿದೆಯ 16ನೆಯ ಪ್ರಕರಣ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೆಯ ತರಗತಿಯವರೆಗೆ, ಮಗುವನ್ನು ಹೊರಹಾಕುವುದನ್ನು ನಿಷೇಧಿಸುತ್ತದೆ. 17ನೆಯದು ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ನಮ್ಮ ಸಮಾಜಕ್ಕೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮನ್ನಣೆ ದೊರೆತದ್ದೂ ಅದೇ ವರ್ಷ. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಸ್ತೃತ ಪೀಠದ ಪರಿಶೀಲನೆಗಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ನಮ್ಮ ಕೆಲವು ವಿಶ್ವಸ್ಥರು 2014ರ ತೀರ್ಪನ್ನು ಟಿ.ಸಿ. ಬರೆಯುವ ಪರವಾನಗಿಯೆಂದು ತಿಳಿದಂತಿದೆ. ಸ್ವಂತ ಶಾಲೆ ನಡೆಸುವ ಹಕ್ಕನ್ನು ಕೇಳಿ ಪಡೆದವರು, ನೆರೆಯ ಸರ್ಕಾರಿ ಶಾಲೆ ಮಾಡಲಾಗದ ಅನ್ಯಾಯವನ್ನು ಮಾಡಲು ಅದನ್ನು ಬಳಸುವುದೇ?

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಪಾಲಕರ ಬಾಯಿ ಕಟ್ಟುವುದು, ಪೊಲೀಸರನ್ನು ಕರೆಯುವುದು. 2025ರ ಜನವರಿಯಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ, ಶಾಲೆಯ ಬಗ್ಗೆ ವಾಟ್ಸಾಪಿನಲ್ಲಿಯೂ ಮಿಂಚಂಚೆಯಲ್ಲಿಯೂ ಬರೆದ ದಂಪತಿಗಳನ್ನು ಆರು ಮಂದಿ ಪೊಲೀಸರು ಮನೆಗೆ ಬಂದು ಬಂಧಿಸಿದರು. ಮೊಕದ್ದಮೆ ನಡೆಯಲಿಲ್ಲ, ಬಂಧನ ಕಾನೂನುಬಾಹಿರವಾಗಿತ್ತೆಂದು ಕೊನೆಗೆ ಪೊಲೀಸರೇ ಒಪ್ಪಿದರು. ನಮ್ಮಲ್ಲಿಯೂ ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೆಯ ಪ್ರಕರಣವಿದೆ. ಆದರೆ ಸದಸ್ಯರೊಬ್ಬರು ಬರೆದುದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಒಬ್ಬರನ್ನು ಹೊಣೆ ಮಾಡಲಾಗದೆಂದು ಬಾಂಬೆ ಮತ್ತು ಕೇರಳ ಉಚ್ಚ ನ್ಯಾಯಾಲಯಗಳು 2021 ಹಾಗೂ 2022ರಲ್ಲಿ ಹೇಳಿವೆ. ಎರಡನೆಯ ತರಗತಿಯ ಜಗಳಕ್ಕೆ ಠಾಣೆ ಉತ್ತರವಲ್ಲ. ಪ್ರವೇಶದ ವೇಳೆ ಪಾಲಕರಿಂದ ಒಪ್ಪಿಗೆ ಬರೆಸಿಕೊಳ್ಳುವುದಾದರೆ ಅದು ಒಂದೇ ವಿಷಯಕ್ಕೆ ಸೀಮಿತವಾಗಿರಲಿ: ಬೇರೊಬ್ಬರ ಮಗುವಿನ ಹೆಸರನ್ನೂ ಚಿತ್ರವನ್ನೂ ಗುಂಪಿಗೆ ಹಾಕುವುದಿಲ್ಲ ಎಂಬುದಕ್ಕೆ. ಶುಲ್ಕ, ವಾಹನ, ಶೌಚಾಲಯ, ನಮ್ಮ ಮಂಡಳಿಯ ಕಾರ್ಯವೈಖರಿ, ಇವುಗಳ ಬಗ್ಗೆ ಪಾಲಕರು ಬರೆದುಕೊಳ್ಳಲಿ. ಅದನ್ನು ತಡೆಯಲು ಮಗುವಿನ ನೆಪ ಬೇಡ.

ಆ ಪ್ರಕರಣದ ಉಳಿದ ಭಾಗವನ್ನೂ ಹೇಳಬೇಕು. ವಿಚಾರಣೆಯ ವರದಿಯನ್ನು ಮುಖ್ಯೋಪಾಧ್ಯಾಯಿನಿ ಯಾರ ಹೆಸರನ್ನೂ ಹೇಳದೆ ಪಾಲಕರಿಗೆ ತಿಳಿಸಿದರು, ಮನವಿಯನ್ನು ಹಿಂದಿರುಗಿಸಿದರು. ಬಾಲಕಿಯ ತಾಯಿ ತಾನೇ ಆ ಮನೆಗೆ ಹೋಗಿ ಬಂದರು. ಹನ್ನೊಂದನೆಯ ದಿನ ಅಡ್ಮಿನ್ ಒಂದು ಮಾತನ್ನೂ ಬರೆಯದೆ ಹುಡುಗನ ತಾಯಿಯನ್ನು ಪುನಃ ಗುಂಪಿಗೆ ಸೇರಿಸಿದರು. ಆಕೆ ಅದೇ ರಾತ್ರಿ ತಾವಾಗಿಯೇ ಹೊರನಡೆದರು. ಏಪ್ರಿಲಿನಲ್ಲಿ ಹುಡುಗನ ತಂದೆ ಬಂದು ಟಿ.ಸಿ. ಕೇಳಿದಾಗ, ಕಾರಣದ ಕಾಲಂನಲ್ಲಿ ಕಚೇರಿಯ ಗುಮಾಸ್ತರು “ಪಾಲಕರ ಇಚ್ಛೆಯಂತೆ” ಎಂದು ಬರೆದರು. ಸಮಿತಿಯ ಪರವಾಗಿ ಅದರ ಪ್ರತಿಯ ಮೇಲೆ ಸಹಿ ಹಾಕಿದವನು ನಾನು.