ಒಟ್ಟು ತೂಕವೊಂದೇ ಪ್ರಮಾಣವಲ್ಲ

ಸಂಪಾದಕರಿಗೆ,



ನವ ಮಂಗಳೂರು ಬಂದರಿನಿಂದ ಹೊರಟು, ಶಿರಾಡಿ ಘಟ್ಟವನ್ನೇರಿ, ಕುಣಿಗಲ್ಲಿನಲ್ಲಿ ಹೆದ್ದಾರಿಯನ್ನು ತೊರೆದು ತುಮಕೂರಿನ ವಸಂತನರಸಾಪುರಕ್ಕೋ ಗುಬ್ಬಿಯ ಕಡೆಗೋ ಸಾಗುವ ಕಂಟೈನರ್ ಲಾರಿಗಳ ವಿಷಯದಲ್ಲಿ, ವೇಬ್ರಿಜ್ ಚೀಟಿಯ ಒಟ್ಟು ತೂಕ ಮಿತಿಯೊಳಗಿದ್ದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬೇರೂರಿರುವುದು ಸರ್ವಥಾ ಅಸಮಂಜಸವಾದುದು. ಏಕೆಂದರೆ 2018ರ ಕೇಂದ್ರ ಅಧಿಸೂಚನೆ ಪ್ರತಿಯೊಂದು ಆಕ್ಸಲಿಗೂ ಮಿತಿಯನ್ನು ವಿಧಿಸಿದೆ. ಐದು ಆಕ್ಸಲಿನ ಟ್ರೈಲರ್ ಲಾರಿಗೆ ಒಟ್ಟು 45.5 ಟನ್ ಸಲ್ಲುವುದಾದರೂ, ಅದರಲ್ಲಿ ಮುಂದಿನ ಆಕ್ಸಲಿಗೆ 7, ಎಳೆಯುವ ಲಾರಿಯ ಹಿಂದಿನ ಒಂಟಿ ಆಕ್ಸಲಿಗೆ 11.5, ಟ್ರೈಲರಿನ ಮೂರು ಆಕ್ಸಲುಗಳಿಗೆ ಕೂಡಿ 27 ಟನ್ ಮಾತ್ರ.

ಒಂದು ಲೆಕ್ಕವನ್ನು ನೋಡಬಹುದು. ಇಪ್ಪತ್ತಡಿ ಕಂಟೈನರಿನಲ್ಲಿ 25.8 ಟನ್ ಎರಕದ ಬಿಡಿಭಾಗಗಳಿವೆ, ಕಂಟೈನರಿನ ಸ್ವಂತ ತೂಕ 2.2, ಖಾಲಿ ಲಾರಿಯದು 14, ಒಟ್ಟು 42 ಟನ್ ಎಂದಿಟ್ಟುಕೊಳ್ಳೋಣ. ಸರಕು ನೆಲದುದ್ದಕ್ಕೂ ಸಮನಾಗಿ ಹರಡಿದ್ದಾಗ ಮುಂದಿನಿಂದ ಹಿಂದಕ್ಕೆ 6, 10.5, 25.5 ಟನ್ನಿನಂತೆ ಭಾರ ಹಂಚಿಹೋಗಿ ಎಲ್ಲವೂ ಕ್ಷೇಮ. ಆದರೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಬಾಗಿಲ ಬಳಿ ಒಂದೂವರೆ ಮೀಟರ್ ಜಾಗ ಖಾಲಿ ಬಿಟ್ಟರೆ, ಸರಕಿನ ಭಾರಕೇಂದ್ರ ಮುಕ್ಕಾಲು ಮೀಟರ್ ಮುಂದಕ್ಕೆ ಜರುಗುತ್ತದೆ. ಟ್ರೈಲರಿನ ಪಿನ್ನಿಗೂ ಹಿಂದಿನ ಆಕ್ಸಲುಗಳ ಮಧ್ಯಕ್ಕೂ 7.5 ಮೀಟರ್ ಅಂತರವಿರುವಲ್ಲಿ ಸರಕಿನ ಹತ್ತರಲ್ಲೊಂದು ಪಾಲು, ಅಂದರೆ ಸುಮಾರು 2.6 ಟನ್, ಹಿಂದಿನಿಂದ ಮುಂದಕ್ಕೆ ಸಾಗಿ, ಅದರ ಬಹುಪಾಲನ್ನು ಹೊರುವ ಒಂಟಿ ಆಕ್ಸಲಿನ ಮೇಲೆ 12.6 ಟನ್ ಬೀಳುತ್ತದೆ. ಚೀಟಿಯಲ್ಲಿ ಮಾತ್ರ ಅದೇ ನಿರಪರಾಧಿಯಾದ 42! ಆಕ್ಸಲ್ ಭಾರದ ನಾಲ್ಕನೆಯ ಘಾತದಂತೆ ರಸ್ತೆ ಸವೆಯುವುದೆಂಬ ಎಂಜಿನಿಯರುಗಳ ಸ್ಥೂಲ ಸೂತ್ರದ ಪ್ರಕಾರ, ಆ ಆಕ್ಸಲು ರಸ್ತೆಗೆ ಮಾಡುವ ಹಾನಿ ಇಮ್ಮಡಿಯಾಗಿರುತ್ತದೆ.

ಹಡಗೇರುವ ಕಂಟೈನರಿನ ಪರಿಶೀಲಿತ ತೂಕವನ್ನು ಘೋಷಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ 2016ರ ಜುಲೈ 1ರಿಂದ ಜಾರಿಯಲ್ಲಿದೆಯಾದರೂ, ಅದೂ ಕೇಳುವುದು ಒಂದೇ ಒಂದು ಅಂಕಿಯನ್ನು. ಕಂಟೈನರಿನ ಫಲಕದಲ್ಲಿ ಕಾಣುವ ಪೇರಿಕೆಯ ಮಿತಿಯಾದರೋ ಅದರ ಮೂಲೆಗಂಬಗಳ ಶಕ್ತಿಯನ್ನು ಹೇಳುತ್ತದೆಯೇ ಹೊರತು ಒಳಗಿನ ಕೆಳಸಾಲಿನ ಪೆಟ್ಟಿಗೆ ತಾಳಬಲ್ಲ ಭಾರವನ್ನಲ್ಲ. ಎರಡು ಸಾಲು ಪೇರಿಸಲೇಬೇಕಾದಲ್ಲಿ ಅವನ್ನು ನಡುವಿಗಿಟ್ಟು, ಎರಡು ತುದಿಗಳಿಗೂ ಒಂಟಿ ಸಾಲನ್ನು ಹಂಚಿ, ಉಳಿದ ಸಂದಿಗೆ ಮರದ ತುಂಡುಗಳ ಆನಿಕೆ ಕೊಡುವುದು ಯುಕ್ತ. ಇದನ್ನು ತುಂಬುವ ಸ್ಥಳದಲ್ಲಿಯೇ ನಿಶ್ಚಯಿಸಬೇಕು; ಸೀಲು ಬಿದ್ದು ಬಂದರನ್ನು ದಾಟಿದ ಮೇಲೆ ಸರಕನ್ನು ಸರಿಸುವ ಅವಕಾಶ ಚಾಲಕನಿಗಿರುವುದಿಲ್ಲ, ದಂಡದ ಮಾತನ್ನು ಮಾತ್ರ ಅವನೇ ಮೊದಲು ಕೇಳಬೇಕಾಗುತ್ತದೆ.

ಆದಕಾರಣ ನಮ್ಮ ಕಾರ್ಖಾನೆಗಳವರು ಖರೀದಿಯ ಆದೇಶದೊಡನೆಯೇ ಆಕ್ಸಲ್ ಮಿತಿಯನ್ನೂ ತುಂಬುವ ನಕ್ಷೆಯನ್ನೂ ಕಳುಹಿಸಲಿ. ಸಾರಿಗೆ ಇಲಾಖೆಯವರು ಬಂದರಿನ ಹೊರಗೂ ಕುಣಿಗಲ್ಲಿನ ಬಳಿಯೂ ಲಾರಿಯನ್ನು ವೇಬ್ರಿಜ್ಜಿನ ಮೇಲೆ ಹಂತಹಂತವಾಗಿ, ಮೊದಲು ಮುಂದಿನ ಆಕ್ಸಲ್, ಬಳಿಕ ಎರಡು, ಕೊನೆಗೆ ಪೂರ್ತಿಯಾಗಿ ಹತ್ತಿಸಿ, ಕಳೆಯುವ ಲೆಕ್ಕದಿಂದ ದೊರೆತ ಮೂರು ಅಂಕಿಗಳನ್ನೂ ಚೀಟಿಯಲ್ಲಿ ನಮೂದಿಸುವಂತೆ ಆಜ್ಞಾಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಗುಬ್ಬಿಯ ಓರ್ವ ಓದುಗ